ಅಚ್ಚಿಗೆ ಹೋಗುವ ಮುನ್ನ: ಪ್ರಚಾರದ ಕರಡಿಗೊಂದು ಪರಿಶೀಲನಾ ಪಟ್ಟಿ

ಒಂದು ವಸ್ತುವನ್ನು ಅಥವಾ ಸೇವೆಯನ್ನು ಕೊಳ್ಳುವಂತೆ ಜನರನ್ನು ಒಪ್ಪಿಸಲು ಬರೆಯುವ ಕರಪತ್ರ, ಪತ್ರಿಕಾ ಜಾಹೀರಾತು, ಫ್ಲೆಕ್ಸ್, ವಾಟ್ಸ್ಆ್ಯಪ್ ಸಂದೇಶ ಮುಂತಾದವೆಲ್ಲ ಪ್ರಚಾರ ಸಾಹಿತ್ಯವೆನಿಸಿಕೊಳ್ಳುತ್ತವೆ. ಅವು ಜನರ ಕೈಸೇರುವ ಮೊದಲಿನ ರೂಪಕ್ಕೆ ಕರಡು ಎಂದು ಹೆಸರು. ಕರಡನ್ನು ಬರೆದವರೇ ನಾಲ್ಕು ಸಲ ಓದಿದರೂ ತಪ್ಪು ಉಳಿದುಬಿಡುವುದಕ್ಕೆ ಅಜ್ಞಾನ ಕಾರಣವಲ್ಲ. ಬರೆದವರ ಕಣ್ಣು ಕಾಗದದ ಮೇಲಿರುವುದನ್ನು ಓದದೆ ಮನಸ್ಸಿನಲ್ಲಿರುವುದನ್ನೇ ಓದಿಕೊಂಡು ಹೋಗುವುದು ಕಾರಣ. ಇದನ್ನು ತಡೆಯಲು ಬರವಣಿಗೆಯ ಹೊರಗೆ ನಿಂತು ಪ್ರಶ್ನೆ ಕೇಳುವ ಒಂದು ಸಾಧನ ಬೇಕಾಗುತ್ತದೆ. ಯಾವ ಕರಡು ಬಂದರೂ ಮತ್ತೆ ಮತ್ತೆ ಬಳಸಬಹುದಾದ ಅಂಥ ಪ್ರಶ್ನೆಗಳ ಕಿರುಹಾಳೆಯನ್ನೇ ಇಲ್ಲಿ ಪರಿಶೀಲನಾ ಪಟ್ಟಿ ಎಂದು ಕರೆಯಲಾಗಿದೆ.

ಇಂಥ ಪಟ್ಟಿಯ ಕಲ್ಪನೆ ಬೆಳೆದದ್ದು ಜಾಹೀರಾತಿನ ಲೋಕದಲ್ಲಲ್ಲ, ವಿಮಾನಯಾನದಲ್ಲಿ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋ ರಾಜ್ಯದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಕಂಪನಿಯ ‘ಮಾಡೆಲ್ 299’ ಎಂಬ ಹೊಸ ಬಾಂಬರ್ ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ನೆಲಕ್ಕಪ್ಪಳಿಸಿತು. ವಿಮಾನ ನಿಂತಿರುವಾಗ ಗಾಳಿಗೆ ಅದರ ಬಾಲದ ರೆಕ್ಕೆಗಳು ಅಲುಗಾಡದಂತೆ ಹಾಕಿದ್ದ ಬೀಗವನ್ನು ತೆಗೆಯಲು ಮರೆತದ್ದೇ ಆ ಅಪಘಾತಕ್ಕೆ ಕಾರಣವೆಂದು ತಿಳಿದುಬಂತು. ಅಂದು ವಿಮಾನ ನಡೆಸುತ್ತಿದ್ದವರು ನುರಿತ ಪರೀಕ್ಷಾ ಪೈಲಟ್‌ಗಳೇ ಆಗಿದ್ದರು. ಪೈಲಟ್‌ಗಳಿಗೆ ಇನ್ನಷ್ಟು ತರಬೇತಿ ಬೇಕೆನ್ನುವ ಬದಲು, ಏರುವ ಮುನ್ನ ನೋಡಲೇಬೇಕಾದ ಸಂಗತಿಗಳ ಚಿಕ್ಕ ಪಟ್ಟಿಯೊಂದನ್ನು ಅವರ ಕೈಗೆ ಕೊಡಲಾಯಿತು. ಆ ಪಟ್ಟಿ ವಿಮಾನ ಹಾರಿಸುವುದು ಹೇಗೆಂದು ಕಲಿಸಲಿಲ್ಲ, ಬಲ್ಲವರು ಮರೆಯಬಹುದಾದುದನ್ನು ಮಾತ್ರ ನೆನಪಿಸಿತು. ಪ್ರಚಾರದ ಕರಡಿನ ಪಟ್ಟಿಗೂ ಇದೇ ಮೊದಲ ಲಕ್ಷಣ: ಚೆನ್ನಾಗಿ ಬರೆಯುವುದು ಹೇಗೆಂದು ಅದು ಹೇಳಕೂಡದು, ತೆಗೆಯದೆ ಉಳಿದ ಬೀಗವನ್ನು ತೋರಿಸಬೇಕು.

ಈ ಲಕ್ಷಣವನ್ನು ಮರೆತು ಸಿದ್ಧಪಡಿಸಿದ ಪಟ್ಟಿಗಳು ಕಚೇರಿಗಳ ಗೋಡೆಗಳ ಮೇಲೆ ಸಾಕಷ್ಟು ಕಾಣಸಿಗುತ್ತವೆ. ‘ಭಾಷೆ ಆಕರ್ಷಕವಾಗಿದೆಯೇ’, ‘ಸಂದೇಶ ಸ್ಪಷ್ಟವಾಗಿದೆಯೇ’, ‘ಮಾಹಿತಿ ಸರಿಯಾಗಿದೆಯೇ’ ಎಂಬಂಥ ಪ್ರಶ್ನೆಗಳಿಗೆ ಹೌದೆಂದು ಗುರುತು ಹಾಕಲು ಕರಡನ್ನು ಓದುವ ಅಗತ್ಯವೂ ಇಲ್ಲ, ಏಕೆಂದರೆ ಅವು ಕೇಳುವುದು ಒಂದು ಅಭಿಪ್ರಾಯವನ್ನು. ಒಳ್ಳೆಯ ಪ್ರಶ್ನೆಯು ಒಂದು ಕೆಲಸವನ್ನು ಮಾಡಿಸುತ್ತದೆ ಮತ್ತು ಆ ಕೆಲಸ ನಡೆದದ್ದಕ್ಕೆ ಒಂದು ಗುರುತನ್ನು ಉಳಿಸುತ್ತದೆ. ‘ದೂರವಾಣಿ ಸಂಖ್ಯೆ ಸರಿ ಇದೆಯೇ’ ಎಂದು ಕೇಳುವ ಬದಲು ‘ಕರಡಿನಲ್ಲಿರುವ ಸಂಖ್ಯೆಯನ್ನು ನೋಡಿ ಬೇರೊಂದು ಫೋನಿನಿಂದ ಒತ್ತಿದಾಗ ಕರೆ ತೆಗೆದವರು ಯಾರು’ ಎಂದು ಕೇಳಿದರೆ, ಉತ್ತರದ ಜಾಗದಲ್ಲಿ ಒಂದು ಹೆಸರನ್ನು ಬರೆಯಲೇಬೇಕಾಗುತ್ತದೆ, ಕರೆ ಮಾಡದೆ ಆ ಹೆಸರು ದೊರೆಯುವುದಿಲ್ಲ. ಪಟ್ಟಿ ಕೆಲಸಕ್ಕೆ ಬರುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇಷ್ಟರಲ್ಲೇ ತೀರ್ಮಾನವಾಗುತ್ತದೆ.

ವಿಷಯವನ್ನು ಹತ್ತಿರದಿಂದ ನೋಡಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ತುಮಕೂರು ಜಿಲ್ಲೆಯ ಒಂದು ಮಹಿಳಾ ಸ್ವಸಹಾಯ ಸಂಘವು ಮೊಳಕೆ ಬರಿಸಿದ ರಾಗಿಯ ಮಾಲ್ಟ್ ತಯಾರಿಸುತ್ತದೆ ಎಂದಿಟ್ಟುಕೊಳ್ಳೋಣ. ಮಿಶ್ರಣದಲ್ಲಿ ನೂರಕ್ಕೆ ಅರವತ್ತು ಪಾಲು ರಾಗಿ ಹಿಟ್ಟು, ಇಪ್ಪತ್ತೈದು ಪಾಲು ಬೆಲ್ಲದ ಪುಡಿ, ಉಳಿದದ್ದು ಹೆಸರುಬೇಳೆ ಮತ್ತು ಏಲಕ್ಕಿ. 2026ರ ದೀಪಾವಳಿಗೆಂದು ಸಂಘದ ಸದಸ್ಯೆಯೊಬ್ಬರು ಬರೆದ ಕರಪತ್ರದ ಕರಡು ಹೀಗಿದೆ: ‘ಶೇ. 100 ಶುದ್ಧ ರಾಗಿ ಮಾಲ್ಟ್. ಸಕ್ಕರೆ ಸೇರಿಸಿಲ್ಲ. ಕ್ಯಾಲ್ಸಿಯಂ ಹೇರಳ. ಮಧುಮೇಹಕ್ಕೆ ರಾಮಬಾಣ, ವೈದ್ಯರೇ ಶಿಫಾರಸು ಮಾಡುವಂಥದ್ದು. ಹಬ್ಬದ ಕೊಡುಗೆ ಶೇ. 25 ರಿಯಾಯಿತಿ, 320 ರೂಪಾಯಿಯ ಪೊಟ್ಟಣ ಕೇವಲ 256 ರೂಪಾಯಿಗೆ, ನವೆಂಬರ್ 7, ಭಾನುವಾರದವರೆಗೆ ಮಾತ್ರ.’ ಕೆಳಗೆ ಒಂದು ದೂರವಾಣಿ ಸಂಖ್ಯೆ, ಅದರ ಕೆಳಗೆ ಇರುವೆಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ ಷರತ್ತುಗಳು. ಸಲೀಸಾಗಿ ಓದಿಸಿಕೊಂಡು ಹೋಗುವ ಈ ಬರಹದ ಹೆಚ್ಚುಕಡಿಮೆ ಪ್ರತಿಯೊಂದು ವಾಕ್ಯದಲ್ಲೂ ಒಂದು ದೋಷವಿದೆ.

ಪರಿಶೀಲನೆ ಎಲ್ಲಿಂದ ಆರಂಭವಾಗಬೇಕೆಂಬುದು ಮುಖ್ಯವಾದ ಪ್ರಶ್ನೆ. ಕರಡು ಕೈಗೆ ಬಂದೊಡನೆ ಕಾಗುಣಿತ ತಿದ್ದಲು ತೊಡಗುವುದು ಹೆಚ್ಚಿನವರ ವಾಡಿಕೆ. ಆದರೆ ‘ರಾಮಬಾಣ’ ಎಂಬ ಪದದ ಕಾಗುಣಿತ ಸರಿಯಿದೆಯೆಂದು ನೋಡಿಕೊಂಡ ಶ್ರಮ, ಆ ವಾಕ್ಯವೇ ಮುಂದೆ ಅಳಿಸಿಹೋಗುವುದಾದರೆ ವ್ಯರ್ಥ. ಆದ್ದರಿಂದ ಇಡೀ ಕರಡನ್ನೇ ತಡೆಹಿಡಿಯಬಲ್ಲ ಪ್ರಶ್ನೆಗಳು ಪಟ್ಟಿಯ ಮೇಲ್ಭಾಗದಲ್ಲೂ, ಒಂದಕ್ಷರವನ್ನು ಮಾತ್ರ ಬದಲಿಸಬಲ್ಲ ಪ್ರಶ್ನೆಗಳು ಕೆಳಭಾಗದಲ್ಲೂ ಇರಬೇಕು. ಎಲ್ಲಕ್ಕಿಂತ ಮೇಲಿನದು, ಈ ಬರಹವನ್ನು ಓದುವವರು ಯಾರು, ಓದಿದ ಮೇಲೆ ಅವರು ಮಾಡಬೇಕಾದ ಒಂದೇ ಒಂದು ಕೆಲಸ ಯಾವುದು ಎಂಬ ಪ್ರಶ್ನೆ. ಮಾಲ್ಟ್‌ನ ಕರಡಿಗೆ ಇದರ ಉತ್ತರ ಸುಲಭ: ಮನೆಯಲ್ಲಿ ಚಿಕ್ಕ ಮಕ್ಕಳಿರುವ ತಾಯಂದಿರು ಫೋನ್ ಮಾಡಿ ಪೊಟ್ಟಣ ಕಾಯ್ದಿರಿಸಬೇಕು.

ಎರಡನೆಯ ಪ್ರಶ್ನೆಯೇ ಪಟ್ಟಿಯ ಹೃದಯ. ಕರಡಿನಲ್ಲಿ ಸತ್ಯವೆಂದು ಹೇಳಿರುವ ಪ್ರತಿಯೊಂದು ಮಾತಿನ ಕೆಳಗೂ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದ ಅಂಚಿನಲ್ಲಿ ಅದಕ್ಕೆ ಆಧಾರವಾದ ಕಾಗದ ಯಾವುದು, ಅದು ಎಲ್ಲಿದೆ ಎಂದು ಬರೆಯಬೇಕು. ಹೀಗೆ ಗೆರೆ ಎಳೆಯಲಾದ ಮಾತಿಗೆ ಪ್ರತಿಪಾದನೆ ಎಂದು ಹೆಸರು. ‘ರುಚಿಯೋ ರುಚಿ’ ಎಂಬ ಹೊಗಳಿಕೆ ಪ್ರತಿಪಾದನೆಯಲ್ಲ, ‘ಕ್ಯಾಲ್ಸಿಯಂ ಹೇರಳ’ ಎಂಬುದು ಪ್ರತಿಪಾದನೆ, ಏಕೆಂದರೆ ಎರಡನೆಯದನ್ನು ಅಳೆದು ನೋಡಬಹುದು. ಅಂಚು ಖಾಲಿ ಉಳಿದ ಮಾತು ಅಚ್ಚಿಗೆ ಹೋಗುವಂತಿಲ್ಲ. ‘ಎಲ್ಲರಿಗೂ ಗೊತ್ತಿರುವುದೇ’ ಎಂಬುದನ್ನು ಆಧಾರವೆಂದು ಒಪ್ಪಕೂಡದು.

ಕ್ಯಾಲ್ಸಿಯಂನ ಮಾತನ್ನೇ ಅಂಚಿಗೆ ತಂದು ನೋಡಿದರೆ ಈ ಅಭ್ಯಾಸದ ಬೆಲೆ ತಿಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕಗಳ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ವಯಸ್ಕರಿಗೆ ಅದೇ ಸಂಸ್ಥೆ ಸೂಚಿಸಿರುವ ದಿನದ ಪ್ರಮಾಣ 1000 ಮಿಲಿಗ್ರಾಂ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಪ್ರತಿಪಾದನೆಗಳ ನಿಯಮಾವಳಿಯಂತೆ, ನೂರು ಗ್ರಾಂ ಘನ ಆಹಾರವು ದಿನದ ಪ್ರಮಾಣದ ಶೇಕಡ 15ರಷ್ಟನ್ನಾದರೂ ಒದಗಿಸಿದರೆ ಅದನ್ನು ಆ ಖನಿಜದ ‘ಮೂಲ’ ಎನ್ನಬಹುದು; ‘ಹೇರಳ’ ಎನ್ನಲು ಅದರ ಎರಡರಷ್ಟು, ಅಂದರೆ ಶೇಕಡ 30 ಬೇಕು. ಬರೀ ರಾಗಿ ಹಿಟ್ಟು ಈ ಗಡಿಯನ್ನು ದಾಟುತ್ತದೆ. ಆದರೆ ಮಾಲ್ಟ್‌ನಲ್ಲಿರುವುದು ಅರವತ್ತು ಪಾಲು ರಾಗಿ ಮಾತ್ರ, ಅದರಿಂದ ಬರುವುದು ಸುಮಾರು 218 ಮಿಲಿಗ್ರಾಂ. ಬೆಲ್ಲ ಮತ್ತು ಬೇಳೆಯಿಂದ ಸ್ವಲ್ಪ ಸೇರಿದರೂ ಮೊತ್ತವು 300ನ್ನು ಮುಟ್ಟುವಂತೆ ಕಾಣುವುದಿಲ್ಲ. ರಾಗಿಯ ವಿಷಯದಲ್ಲಿ ನಿಜವಾದ ಮಾತು ಮಾಲ್ಟ್‌ನ ವಿಷಯದಲ್ಲಿ ನಿಜವಾಗದೆ ಹೋಯಿತು. ಮೋಸ ಮಾಡುವ ಉದ್ದೇಶ ಇಲ್ಲಿ ಎಳ್ಳಷ್ಟೂ ಇಲ್ಲದಿದ್ದರೂ, ಕಚ್ಚಾ ಪದಾರ್ಥದ ಗುಣವನ್ನು ತಯಾರಾದ ವಸ್ತುವಿಗೆ ಹೊರಿಸುವ ಈ ಜಾರುವಿಕೆ ಆಹಾರದ ಜಾಹೀರಾತುಗಳಲ್ಲಿ ತೀರಾ ಸಾಮಾನ್ಯವಾದದ್ದು. ಮೊಳಕೆ ಬರಿಸುವಾಗ, ಒಣಗಿಸುವಾಗ ಪೋಷಕಾಂಶಗಳ ಪ್ರಮಾಣ ಬದಲಾಗುವುದೂ ಉಂಟಾದ್ದರಿಂದ ಅಂಚಿನಲ್ಲಿ ನಮೂದಾಗಬೇಕಾದ ಅಂತಿಮ ಆಧಾರ ಕೋಷ್ಟಕವಲ್ಲ, ಆ ಮಾಲ್ಟನ್ನೇ ಪರೀಕ್ಷಿಸಿದ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ.

ಉಳಿದ ಗೆರೆಗಳ ಗತಿ ಬೇಗನೆ ತಿಳಿಯುತ್ತದೆ. ಬೆಲ್ಲದ ಬಹುಪಾಲು ಸಕ್ಕರೆಯೇ ಆದ್ದರಿಂದ ‘ಸಕ್ಕರೆ ಸೇರಿಸಿಲ್ಲ’ ಎಂಬುದು ನಿಲ್ಲುವುದಿಲ್ಲ; ‘ಸಿಹಿಗೆ ಬೆಲ್ಲವನ್ನಷ್ಟೇ ಬಳಸಲಾಗಿದೆ’ ಎಂದರೆ ಅದು ಸತ್ಯವೂ ಹೌದು, ಕೊಳ್ಳುವವರಿಗೆ ಇಷ್ಟವೂ ಹೌದು. ರೋಗವನ್ನು ತಡೆಯುತ್ತದೆ, ಗುಣಪಡಿಸುತ್ತದೆ ಎಂದು ಆಹಾರವನ್ನು ಕುರಿತು ಹೇಳುವುದನ್ನೂ, ವೈದ್ಯರು ಶಿಫಾರಸು ಮಾಡಿದ್ದಾರೆಂದು ಸೂಚಿಸುವುದನ್ನೂ 2018ರ ನಿಯಮಾವಳಿ ನಿಷೇಧಿಸುತ್ತದೆ. ಬೆಲ್ಲ ಬೆರೆತ ಪುಡಿಯನ್ನು ಮಧುಮೇಹಕ್ಕೆ ರಾಮಬಾಣವೆಂದು ನಂಬಿ ಒಬ್ಬ ರೋಗಿ ದಿನಕ್ಕೆರಡು ಲೋಟ ಕುಡಿದರೆ ಆಗುವ ಹಾನಿ ಕಾನೂನಿನ ದಂಡಕ್ಕಿಂತ ದೊಡ್ಡದು, ಪಟ್ಟಿಯನ್ನು ಮಾಡುವವರು ಮೊದಲು ನೆನೆಯಬೇಕಾದದ್ದು ಆ ರೋಗಿಯನ್ನು. ದಂಡವೂ ಸಣ್ಣದೇನಲ್ಲ: 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗಾಗಿ ತಯಾರಕರಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು, ಮತ್ತೆ ಅದೇ ತಪ್ಪಾದರೆ ಐವತ್ತು ಲಕ್ಷದವರೆಗೆ. ಇನ್ನು ‘ಶೇ. 100 ಶುದ್ಧ ರಾಗಿ’ ಎಂಬ ಮಾತಂತೂ ಪೊಟ್ಟಣದ ಹಿಂಬದಿಯಲ್ಲಿರುವ ಪದಾರ್ಥಗಳ ಪಟ್ಟಿಯ ಎದುರು ಒಂದು ಗಳಿಗೆಯೂ ನಿಲ್ಲದು.

ಮೂರನೆಯ ಪ್ರಶ್ನೆ ಅಂಕಿಗಳಿಗೆ ಸಂಬಂಧಿಸಿದ್ದು. ಕರಡಿನಲ್ಲಿರುವ ಪ್ರತಿಯೊಂದು ಅಂಕಿಯನ್ನೂ ಮತ್ತೊಮ್ಮೆ ಲೆಕ್ಕ ಹಾಕಿ, ಬಂದ ಉತ್ತರವನ್ನು ಬರೆಯಬೇಕು. 320 ರೂಪಾಯಿಯ ಕಾಲುಭಾಗ 80. ಶೇಕಡ 25ರ ರಿಯಾಯಿತಿಯಾದರೆ ಬೆಲೆ 240 ರೂಪಾಯಿಯಾಗಬೇಕಿತ್ತು, 256 ಎಂಬುದು ಶೇಕಡ 20ರ ರಿಯಾಯಿತಿ. ಬಹುಶಃ ಸಂಘದ ಸಭೆಯಲ್ಲಿ ಮೊದಲು 20 ಎಂದು ನಿಶ್ಚಯವಾಗಿ, ಆಮೇಲೆ 25ಕ್ಕೆ ಏರಿಸಿದಾಗ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟಿರಬೇಕು. ಆದರೂ ಎರಡು ಅಂಕಿಗಳಲ್ಲಿ ತಪ್ಪು ಯಾವುದೆಂದು ಪರಿಶೀಲಕರು ತಾವೇ ಊಹಿಸಿ ತಿದ್ದುವಂತಿಲ್ಲ, ಬೆಲೆಯನ್ನು ನಿರ್ಧರಿಸಿದವರನ್ನು ಕೇಳಿಯೇ ತಿದ್ದಬೇಕು. ದಿನಾಂಕಕ್ಕೂ ಇದೇ ಕ್ರಮ: ದಿನಾಂಕ ಮತ್ತು ವಾರವನ್ನು ಕ್ಯಾಲೆಂಡರಿನಲ್ಲಿ ಬೆರಳಿಟ್ಟು ನೋಡಬೇಕು. 2026ರ ನವೆಂಬರ್ 7 ಶನಿವಾರ. ಭಾನುವಾರ ಬರುವುದು 8ಕ್ಕೆ. ಈ ಒಂದು ದಿನದ ಗೊಂದಲದಿಂದಾಗಿ ಭಾನುವಾರ ಪೊಟ್ಟಣ ಕೇಳಿದ ಗ್ರಾಹಕರಿಗೂ ಮಾರುವವರಿಗೂ ನಡುವೆ ಆಗುವ ಜಗಳದಲ್ಲಿ ಇಬ್ಬರ ಕೈಯಲ್ಲೂ ಒಂದೇ ಕರಪತ್ರ ಸಾಕ್ಷಿಯಾಗಿರುತ್ತದೆ. ರಿಯಾಯಿತಿ ಬೆಲೆಗೆ ಕೊಡಲು ಎಷ್ಟು ಪೊಟ್ಟಣಗಳು ದಾಸ್ತಾನಿನಲ್ಲಿವೆ ಎಂಬ ಅಂಕಿಯೂ ಇದೇ ಉತ್ತರದ ಜಾಗದಲ್ಲಿ ಬರಬೇಕು. ಸಾಕಷ್ಟು ಸರಕಿಲ್ಲದೆ ಕಡಿಮೆ ಬೆಲೆಯ ಆಸೆ ತೋರಿಸುವುದನ್ನು 2022ರ ಜೂನಿನಲ್ಲಿ ಜಾರಿಗೆ ಬಂದ ದಾರಿತಪ್ಪಿಸುವ ಜಾಹೀರಾತುಗಳ ತಡೆ ಮಾರ್ಗಸೂಚಿಗಳು ಒಪ್ಪುವುದಿಲ್ಲ.

ಅದೇ ಮಾರ್ಗಸೂಚಿಗಳಲ್ಲಿ ಕನ್ನಡದ ಜಾಹೀರಾತುಗಳಿಗೆ ನೇರವಾಗಿ ತಟ್ಟುವ ಇನ್ನೊಂದು ಮಾತಿದೆ. ಪ್ರತಿಪಾದನೆಯನ್ನು ಯಾವ ಭಾಷೆಯಲ್ಲಿ ಮಾಡಲಾಗಿದೆಯೋ ಅದರ ಷರತ್ತು ಮತ್ತು ವಿವರಣೆಗಳೂ ಅದೇ ಭಾಷೆಯಲ್ಲಿ, ಅದೇ ಅಕ್ಷರಶೈಲಿಯಲ್ಲಿ, ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕೆಂದು ಅವು ಹೇಳುತ್ತವೆ. ಆಮಿಷವನ್ನು ದೊಡ್ಡ ಕನ್ನಡದಲ್ಲಿ, ಷರತ್ತನ್ನು ಸಣ್ಣ ಇಂಗ್ಲಿಷಿನಲ್ಲಿ ಅಚ್ಚು ಹಾಕುವ ಪದ್ಧತಿ ಕರ್ನಾಟಕದ ಊರೂರಿನ ಗೋಡೆಗಳ ಮೇಲೆ ಇಂದಿಗೂ ನಡೆದುಬಂದಿದೆ, ಅದು ಓದುಗರಿಗೆ ಮಾಡುವ ಅನ್ಯಾಯ. ಪಟ್ಟಿಯಲ್ಲಿ ಇದಕ್ಕಾಗಿ ಒಂದು ಪ್ರಶ್ನೆ ಸಾಕು: ಕರಡನ್ನು ಅಚ್ಚಾಗುವ ಗಾತ್ರದಲ್ಲೇ ಮುದ್ರಿಸಿ, ಕನ್ನಡ ಮಾತ್ರ ಓದಬಲ್ಲ, ಚಾಳೀಸು ಬಂದಿರುವ ಒಬ್ಬರ ಕೈಗೆ ಕೊಟ್ಟಾಗ, ಷರತ್ತುಗಳಲ್ಲಿ ಏನಿದೆಯೆಂದು ಅವರು ಹೇಳಿದರೇ?

ಇಷ್ಟು ಪ್ರಶ್ನೆಗಳಾದ ಮೇಲೆ ಕರಡು ಡಿಟಿಪಿ ಮಾಡುವವರ ಬಳಿಗೆ ಹೋಗುತ್ತದೆ. ಪರಿಶೀಲನೆ ಇಲ್ಲಿಗೆ ಮುಗಿಯಿತೆಂದು ತಿಳಿಯುವುದೇ ದೊಡ್ಡ ತಪ್ಪು, ಏಕೆಂದರೆ ಕನ್ನಡ ಪಠ್ಯ ಅತ್ಯಂತ ಹೆಚ್ಚು ಕೆಡುವುದು ಇದರ ನಂತರದ ಹಂತದಲ್ಲಿ. ವಿಮಾನಯಾನದಲ್ಲಿ ಇಂಜಿನ್ ಚಾಲೂ ಮಾಡುವ ಮುನ್ನ ಒಂದು, ಏರುವ ಮುನ್ನ ಇನ್ನೊಂದು ಎಂದು ಪಟ್ಟಿಗೆ ನಿಲುಗಡೆಗಳನ್ನು ಗೊತ್ತುಪಡಿಸಿರುವಂತೆ, ಕರಡಿನ ಪಟ್ಟಿಗೂ ಎರಡು ನಿಲುಗಡೆಗಳು ಬೇಕು: ಡಿಟಿಪಿಗೆ ಕೊಡುವ ಮುನ್ನ ಒಂದು, ಅಚ್ಚಿಗೆ ಒಪ್ಪಿಗೆ ಕೊಡುವ ಮುನ್ನ ಮತ್ತೊಂದು. ಮೊದಲನೆಯದು ಹೇಳಿರುವುದು ಸತ್ಯವೇ ಎಂದು ನೋಡುತ್ತದೆ, ಎರಡನೆಯದು ಒಪ್ಪಿದ್ದೇ ಕಾಗದದ ಮೇಲೆ ಬಂದಿದೆಯೇ ಎಂದು.

ಎರಡನೆಯ ನಿಲುಗಡೆಯ ಅಗತ್ಯಕ್ಕೆ ಕನ್ನಡದ್ದೇ ಆದ ಕಾರಣವಿದೆ. ಫೋನಿನಲ್ಲಿ ಬರೆದ ಕರಡು ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರ ಸಂಕೇತದಲ್ಲಿರುತ್ತದೆ. ಅನೇಕ ಮುದ್ರಣಾಲಯಗಳಲ್ಲಿ ಇನ್ನೂ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳು ಬಳಕೆಯಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಒತ್ತಕ್ಷರ ಕಳಚಿ ಬೀಳುವುದು, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿಯುವುದು, ರೂಪಾಯಿಯ ಚಿಹ್ನೆಯ ಜಾಗದಲ್ಲಿ ಖಾಲಿ ಚೌಕ ಮೂಡುವುದು ನಡೆಯುತ್ತಲೇ ಇರುತ್ತದೆ. ಇನ್ನು ಪಠ್ಯವನ್ನು ಕೈಯಿಂದ ಹೊಸದಾಗಿ ಜೋಡಿಸಿದ್ದರೆ ‘ಹಾಲಿನಲ್ಲಿ ಬೆರೆಸಿ’ ಎಂಬುದು ‘ಹಾಳಿನಲ್ಲಿ ಬೆರೆಸಿ’ ಎಂದಾಗಿರಬಹುದು. ಎರಡೂ ಕನ್ನಡದ ಪದಗಳೇ ಆದ್ದರಿಂದ ಯಾವ ಕಾಗುಣಿತ ತಂತ್ರಾಂಶವೂ ಅದಕ್ಕೆ ಕೆಂಪು ಗೆರೆ ಎಳೆಯುವುದಿಲ್ಲ. ಆದ್ದರಿಂದ ಈ ನಿಲುಗಡೆಯಲ್ಲಿ ಒಬ್ಬರು ಒಪ್ಪಿದ ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರೂಫಿನ ಮೇಲೆ ಪದಪದಕ್ಕೂ ಬೆರಳಿಟ್ಟು ಸಾಗಬೇಕು. ದೂರವಾಣಿ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಓದಬೇಕು. ಆಮೇಲೆ ಪ್ರೂಫಿನಲ್ಲಿರುವ ಸಂಖ್ಯೆಗೇ ಕರೆ ಮಾಡಬೇಕು, ಕ್ಯೂಆರ್ ಕೋಡ್ ಇದ್ದರೆ ಪರದೆಯ ಮೇಲಿನದನ್ನಲ್ಲ, ಕಾಗದದ ಮೇಲಿರುವುದನ್ನೇ ಸ್ಕ್ಯಾನ್ ಮಾಡಿ ತೆರೆದು ನೋಡಬೇಕು. ಹಳ್ಳಿಯ ಮುದ್ರಣಾಲಯವಾಗಲಿ ಬೆಂಗಳೂರಿನ ದೊಡ್ಡ ಏಜೆನ್ಸಿಯಾಗಲಿ, ಐದು ಸಾವಿರ ಪ್ರತಿ ಅಚ್ಚಾದ ಮೇಲೆ ತಪ್ಪು ಸಂಖ್ಯೆಯ ಮೇಲೆ ಚೀಟಿ ಅಂಟಿಸುತ್ತ ಕೂರುವ ಕಷ್ಟ ಒಂದೇ.

ಪರಿಶೀಲನೆಯನ್ನು ಮಾಡುವವರು ಕರಡನ್ನು ಬರೆದವರಾಗಿರಬಾರದು. ಮೂರೇ ಜನರ ಸಂಘದಲ್ಲೂ ಇದು ಸಾಧ್ಯ: ಒಬ್ಬರು ಬರೆಯಬೇಕು, ಇನ್ನೊಬ್ಬರು ಪಟ್ಟಿಯೊಂದಿಗೆ ನೋಡಬೇಕು. ಪಟ್ಟಿಯನ್ನು ಬಳಸುವ ಬಗೆ ಎರಡು: ಒಂದೊಂದು ಅಂಶವನ್ನು ಓದುತ್ತ ಆಯಾ ಕೆಲಸವನ್ನು ಮಾಡುವುದು ಒಂದು, ಕೆಲಸವನ್ನೆಲ್ಲ ನೆನಪಿನಿಂದ ಮುಗಿಸಿ ಕೊನೆಗೆ ಪಟ್ಟಿಯೊಡನೆ ತಾಳೆ ನೋಡುವುದು ಇನ್ನೊಂದು. ಬರೆಯುವವರಿಗೆ ಎರಡನೆಯದು ಹೊಂದುತ್ತದೆ, ಏಕೆಂದರೆ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಬರೆದರೆ ಬರವಣಿಗೆ ಅರ್ಜಿಯಂತೆ ಒಣಗಿಹೋಗುತ್ತದೆ. ಪರಿಶೀಲಕರಿಗೆ ಮೊದಲನೆಯದೇ ಸರಿ.

ಪಟ್ಟಿಯು ಮರುಬಳಕೆಗೆ ಬರಬೇಕಾದರೆ ಅದರಲ್ಲಿ ರಾಗಿಯ ಹೆಸರಿರಬಾರದು. ಪ್ರಶ್ನೆಗಳು ಯಾವ ವಸ್ತುವಿಗೂ ಹೊಂದುವಂತೆ ಒಂದು ಹಾಳೆಯಲ್ಲಿ ಸ್ಥಿರವಾಗಿರಬೇಕು. ವಸ್ತುವಿನ ವಿವರಗಳು, ಅಂದರೆ ಮಿಶ್ರಣದ ಪ್ರಮಾಣ, ಪ್ರಯೋಗಾಲಯದ ವರದಿಯ ದಿನಾಂಕ, ಆಹಾರ ಪರವಾನಗಿಯ ಹದಿನಾಲ್ಕು ಅಂಕಿಗಳ ಸಂಖ್ಯೆ, ಈಗಿನ ಬೆಲೆ ಇವೆಲ್ಲ ಆಧಾರ ಪತ್ರವೆಂಬ ಬೇರೊಂದು ಹಾಳೆಯಲ್ಲಿರಬೇಕು. ನಾಳೆ ಅದೇ ಸಂಘ ಹಪ್ಪಳವನ್ನು ಮಾರಲು ತೊಡಗಿದರೆ ಆಧಾರ ಪತ್ರ ಮಾತ್ರ ಹೊಸದಾಗುತ್ತದೆ, ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಿದವರು ಪ್ರತಿ ಸಲವೂ ಹೊಸ ಪಟ್ಟಿ ಬರೆಯುತ್ತ, ಮೂರನೆಯ ಸಲಕ್ಕೆ ಬೇಸತ್ತು ಬಿಟ್ಟುಬಿಡುತ್ತಾರೆ.

ಒಂದು ನಿಲುಗಡೆಗೆ ಐದಾರು ಪ್ರಶ್ನೆಗಳಿಗಿಂತ ಹೆಚ್ಚು ಇರದಿರುವುದು ಕ್ಷೇಮ. ಮೂವತ್ತು ಪ್ರಶ್ನೆಗಳ ಪಟ್ಟಿಯನ್ನು ತುಂಬುವವರು ಹತ್ತನೆಯದರ ಹೊತ್ತಿಗೆ ಓದುವುದನ್ನು ನಿಲ್ಲಿಸಿ ಗುರುತು ಹಾಕುವುದನ್ನಷ್ಟೇ ಮುಂದುವರಿಸುತ್ತಾರೆ. ಪಟ್ಟಿ ಸತ್ತಿದೆಯೆಂದು ತಿಳಿಯುವ ಬಗೆಯೂ ಇದೇ: ಎಲ್ಲ ಗುರುತುಗಳೂ ಒಂದೇ ಪೆನ್ನಿನಲ್ಲಿ ಒಂದೇ ಓಟದಲ್ಲಿ ಬಿದ್ದಿರುತ್ತವೆ, ಉತ್ತರದ ಜಾಗಗಳು ಖಾಲಿಯಿರುತ್ತವೆ, ತಿಂಗಳುಗಟ್ಟಲೆ ಒಂದು ಕರಡೂ ಹಿಂದಕ್ಕೆ ಹೋಗಿರುವುದಿಲ್ಲ. ಹೊಸ ಪ್ರಶ್ನೆಯನ್ನು ಸೇರಿಸಲು ನಿಜವಾಗಿ ಒಂದು ತಪ್ಪು ಜಾರಿ ಹೊರಗೆ ಹೋಗಿರಬೇಕು, ಅಥವಾ ಕಾನೂನು ಬದಲಾಗಿರಬೇಕು. ಬಹುಕಾಲ ಏನನ್ನೂ ಹಿಡಿಯದ ಪ್ರಶ್ನೆಯನ್ನು ತೆಗೆಯಬಹುದು, ಆದರೆ ಆರೋಗ್ಯಕ್ಕೆ ಮತ್ತು ಹಣಕ್ಕೆ ಸಂಬಂಧಿಸಿದವನ್ನು ಅವು ಎಷ್ಟೇ ದಿನ ಸುಮ್ಮನಿದ್ದರೂ ತೆಗೆಯಬಾರದು. ಹಾಳೆಯ ಮೂಲೆಯಲ್ಲಿ ತಿದ್ದಿದ ದಿನಾಂಕವಿರಬೇಕು, ಇಲ್ಲದಿದ್ದರೆ ಹಳೆಯ ಪಟ್ಟಿ ಯಾರದೋ ಡ್ರಾಯರಿನಲ್ಲಿ ಉಳಿದು ಮತ್ತೆ ಬಳಕೆಗೆ ಬರುತ್ತದೆ.

ಪಟ್ಟಿಯ ಕೈಗೆ ಎಟುಕದ ಸಂಗತಿಗಳೂ ಇವೆ. ನೀರಸವಾದ ಕರಪತ್ರವೊಂದು ಎಲ್ಲ ಪ್ರಶ್ನೆಗಳನ್ನೂ ದಾಟಿ ಹೋಗಬಹುದು. ಅದನ್ನು ಓದುವವರು ಇಲ್ಲದಿರಬಹುದು. ಬರಹಕ್ಕೆ ಜೀವ ತುಂಬುವ ಕೆಲಸ ಬರೆಯುವವರದೇ. ಹಾಗೆಯೇ ಗೊಂದಲದ ಕಾನೂನು ಪ್ರಶ್ನೆ ಬಂದಾಗ ಪಟ್ಟಿಯು ವಕೀಲರ ಬಳಿಗೆ ಕಳಿಸಬಲ್ಲದೇ ಹೊರತು ತಾನೇ ಉತ್ತರ ಹೇಳಲಾರದು.

ಬೆಲೆಯನ್ನೂ ದಿನಾಂಕವನ್ನೂ ನಿರ್ಧರಿಸಿದವರನ್ನು ಕೇಳಿ ತಿದ್ದಿದ ಮೇಲೆ ಸಂಘದ ಕರಪತ್ರ ಹೀಗಾಗುತ್ತದೆ: ‘ಮೊಳಕೆ ಬರಿಸಿದ ರಾಗಿಯ ಮಾಲ್ಟ್. ಸಿಹಿಗೆ ಬೆಲ್ಲವನ್ನಷ್ಟೇ ಬಳಸಲಾಗಿದೆ. ಕ್ಯಾಲ್ಸಿಯಂನ ಮೂಲ. 320 ರೂಪಾಯಿಯ ಪೊಟ್ಟಣ ಹಬ್ಬಕ್ಕೆ 240 ರೂಪಾಯಿ, ನವೆಂಬರ್ 8, ಭಾನುವಾರ ಸಂಜೆಯವರೆಗೆ.’ ಕ್ಯಾಲ್ಸಿಯಂನ ಮಾತು ಪ್ರಯೋಗಾಲಯದ ವರದಿ ಕೈಗೆ ಬಂದರೆ ಮಾತ್ರ ಉಳಿಯುತ್ತದೆ. ಮೊದಲಿನದಕ್ಕಿಂತ ಇದು ಚಿಕ್ಕದು, ಆದರೆ ಇದರ ಪ್ರತಿಯೊಂದು ಮಾತಿನ ಹಿಂದೆಯೂ ಒಂದು ಕಾಗದವಿದೆ.

ಪಟ್ಟಿಯ ಕಟ್ಟಕಡೆಯ ಪ್ರಶ್ನೆಯೊಂದು ಉಳಿದಿದೆ, ಅದನ್ನು ಎರಡೂ ನಿಲುಗಡೆಗಳ ತುದಿಯಲ್ಲಿ ಕೇಳಬೇಕು: ಈ ಪರಿಶೀಲನೆಯಾದ ಮೇಲೆ ಕರಡಿನಲ್ಲಿ ಒಂದಕ್ಷರವಾದರೂ ಬದಲಾಗಿದೆಯೇ? ಕೊನೆಯ ಗಳಿಗೆಯಲ್ಲಿ ಯಾರೋ ಫೋನ್ ಮಾಡಿ ಹೇಳಿದ ‘ಒಂದೇ ಒಂದು ಸಣ್ಣ ತಿದ್ದುಪಡಿ’ಯೇ ಬೆಲೆಯನ್ನೋ ದಿನಾಂಕವನ್ನೋ ಕೆಡಿಸುವುದು ಹೆಚ್ಚು. ಬದಲಾಗಿದ್ದರೆ ಆ ಭಾಗವನ್ನು ಮತ್ತೆ ನೋಡಬೇಕು. ಈ ವಾರ ಒಂದು ಕರಪತ್ರವನ್ನೋ ಸಂದೇಶವನ್ನೋ ಹೊರಡಿಸಲಿರುವವರು ಇಡೀ ಪಟ್ಟಿ ಸಿದ್ಧವಾಗಲೆಂದು ಕಾಯಬೇಕಾಗಿಲ್ಲ. ಅಚ್ಚಿಗೆ ಒಪ್ಪಿಗೆ ಕೊಡುವ ಮುನ್ನ ಪ್ರೂಫಿನಲ್ಲಿರುವ ಸಂಖ್ಯೆಯನ್ನು ಬೇರೊಂದು ಫೋನಿನಿಂದ ಒತ್ತಿ, ಕರೆ ತೆಗೆದವರ ಹೆಸರನ್ನು ಅಂಚಿನಲ್ಲಿ ಬರೆದಿಡಲಿ.